‘ಆಫೀಸ್ ಆಫೀಸಲ್ಲೇ ಬಿಟ್ ಬಾ’ ಅಂಬ್ರಿಗೆ ನನ್ನದೊಂದ್ ಮಾತ್

ಹ್ವಾಯ್, ಮೊದ್ಲೇ ಹೇಳ್ತೆ, ಯಾರೂ ಬೇಜಾರ್ ಮಾಡ್ಕಣ್ಬೇಡಿ. ಇದ್ರಗೆ ಬಪ್ಪ ಮಾತ್ ಹೇಳ್ದವ್ರೆಲ್ಲ ನನ್ನ ಪ್ರೀತಿಯವ್ರೇ. ದೊಡ್ಡಮ್ಮ, ಅತ್ಗೆ, ಮೇಲ್ಮನೆ ಅಕ್ಕ, ಎಲ್ರೂ ಒಳ್ಳೇದಕ್ಕೇ ಹೇಳಿದ್ದ್. ಆದ್ರೆ ಒಳ್ಳೇದಕ್ಕೆ ಹೇಳಿದ ಮಾತೆಲ್ಲ ಸರಿ ಅಂತ ಅಲ್ಲ ಕಾಣಿ. ಒಂದ್ ವರ್ಷ ಇದನ್ನ ಹೊಟ್ಟೆಯಲ್ಲಿ ಇಟ್ಕಂಡಿದ್ದೆ. ಇವತ್ತ್ ಹೇಳಿ ಮುಗಿಸ್ತೆ.

ಹೋದ ದೀಪಾವಳಿಗೆ ಒಂದು ವಾರ ರಜೆ ಹಾಕಿ ಬಾರ್ಕೂರಿಗೆ ಬಂದಿದ್ದೆ. ಘಟ್ಟದ ಮೇಲಿನ ಒಂದು ಊರಿನ ಬ್ಯಾಂಕಿನಲ್ಲಿ ಸಾಲದ ಟೇಬಲ್ ನನ್ನದು ಅಂತ ನಿಮ್ಗೆಲ್ಲ ಗೊತ್ತಿತ್ತ್. ರಾತ್ರಿ ಬಸ್ಸಿಗೆ ಹೊರಟು, ಬೆಳಿಗ್ಗೆ ಬ್ರಹ್ಮಾವರದಲ್ಲಿ ಇಳಿದು, ರಿಕ್ಷಾ ಹಿಡಿದು ಮನೆ ಮುಟ್ಟಿದೆ. ಎಣ್ಣೆ ಹಚ್ಚಿ ಮಿಂದದ್ದಾಯ್ತು, ಉದ್ದಿನ ದೋಸೆ ತಿಂದದ್ದಾಯ್ತು, ಹಟ್ಟಿಯಲ್ಲಿ ದನಕ್ಕೆ ಪೂಜೆ ಆಯ್ತು, ಗದ್ದೆಯಲ್ಲಿ ದೀಪ ಇಟ್ಟು ಹೊಲಿ ಕರೆದದ್ದೂ ಆಯ್ತು. ಎಲ್ಲದರಲ್ಲೂ ನಾನಿದ್ದೆ. ಫೋಟೋದಲ್ಲೂ ಇದ್ದೆ. ತಲೆ ಮಾತ್ರ ಬ್ಯಾಂಕಿನ ಟೇಬಲ್ ಹಿಂದೆಯೇ ಕೂತಿತ್ತು.

ಆ ವಾರದಲ್ಲಿ ಅಮ್ಮ ಮೂರು ಸಲ ಒಂದೇ ಮಾತು ಹೇಳಿದ್ಳಂತೆ. "ಹೆಣೆ, ಕಣ್ಣಿನ ಪೊರೆ ತೆಗುಕೆ ಡಾಕ್ಟ್ರ್ ದಿನ ಕೊಟ್ಟಿರ್. ನಿಂಗೆ ಬಪ್ಪುಕೆ ಆತ್ತಾ?" ಮೂರು ಸಲವೂ ನಾನು "ಹ್ಞೂಂ" ಅಂದೆನಂತೆ. ಹೊರಡುವ ದಿನ ಚೀಲ ಹಿಡಿದು ಜಗಲಿಯಲ್ಲಿ ನಿಂತು, "ಅಮ್ಮ, ನಿನ್ ಕಣ್ಣ್ ಈಗ ಹ್ಯಾಂಗಿತ್ತ್? ಡಾಕ್ಟ್ರಿಗೆ ತೋರ್ಸಿಯಾ?" ಅಂತ ಕೇಳಿದೆ. ಅಮ್ಮ ಎಂತದೂ ಹೇಳಲಿಲ್ಲ. ಒಳಗೆ ಹೋದಳು. ಅತ್ಗೆಯೇ ಹೇಳಿದ್ದು: "ಮೂರ್ ಸಲ ಹೇಳಿರ್ ಮಾರಾಯ್ತಿ. ನೀ ಕೇಣ್ಲೇ ಇಲ್ಲೆ."

ಬಸ್ಸಿನಲ್ಲಿ ಇಡೀ ರಾತ್ರಿ ಅತ್ತೆ. ಆ ಅಳು ಮುಗಿದ ಮೇಲೆ ಸಿಟ್ಟು ಬಂತು. ಯಾರ ಮೇಲೆ ಅಂತ ಈಗ ಹೇಳ್ತೆ.

ಆ ವಾರ ನಂಗೆ ಸಿಕ್ಕಿದ ಬುದ್ಧಿಮಾತು ಒಂದಾ ಎರಡಾ? "ಆಫೀಸ್ ಆಫೀಸಲ್ಲೇ ಬಿಟ್ ಬಾ." "ಮನ್ಸ್ ಗಟ್ಟಿ ಮಾಡ್ಕೋ." "ಫೋನ್ ಆಫ್ ಮಾಡ್, ಎಲ್ಲ ಸಮ ಆತ್ತ್." ಫೋನ್ ಆಫ್ ಮಾಡಿಯೂ ಕಂಡೆ. ಅದೇ ಆ ವಾರದ ಅತಿ ಕೆಟ್ಟ ದಿನ. ಫೋನ್ ಇದ್ದಾಗ ಏನಾಯ್ತು ಅಂತ ಕೇಳಬಹುದಿತ್ತು, ಇಲ್ಲದಾಗ ಏನೇನೆಲ್ಲ ಆಗಿರಬಹುದು ಅಂತ ತಲೆಯೇ ಕತೆ ಕಟ್ಟಿತು. ಚಿಂತೆ ಫೋನಿನಲ್ಲಿ ಇರುವುದಲ್ಲ. ಅದು ಬರೀ ಕಿಟಕಿ.

ತಲೆಯಲ್ಲಿ ಸುತ್ತುತ್ತಿದ್ದದ್ದು ಎಂತ ಅಂತ ಹೇಳ್ತೆ, ಆಗ ನಿಮಗೆ ಗೊತ್ತಾತ್ತ್. ನಮ್ಮ ಬ್ರಾಂಚಿನಲ್ಲಿ ಮೆಕ್ಕೆಜೋಳ ಬೆಳೆಯುವ ಒಬ್ಬ ಅಜ್ಜ. ಕಿಸಾನ್ ಕಾರ್ಡಿನಲ್ಲಿ ಎರಡು ಲಕ್ಷ ಬೆಳೆಸಾಲ ತೆಗೆದವರು. ಈ ಸಾಲಕ್ಕೆ ಬಡ್ಡಿ ವರ್ಷಕ್ಕೆ ಶೇಕಡಾ 7. ಆದರೆ ವರ್ಷದೊಳಗೆ ಹೇಳಿದ ದಿನಕ್ಕೆ ಕಟ್ಟಿದರೆ ಸರಕಾರ ಶೇಕಡಾ 3 ಬಿಟ್ಟುಕೊಡುತ್ತದೆ, ಅಂದರೆ ರೈತನಿಗೆ ಬೀಳುವುದು 4 ಮಾತ್ರ. ಎರಡು ಲಕ್ಷಕ್ಕೆ ಆ ಶೇಕಡಾ 3 ಅಂದರೆ 6000 ರೂಪಾಯಿ. ಗಡುವು ದಾಟಿ ಕಟ್ಟಿದರೆ ಆ 6000 ಹೋಯಿತು. ಅಜ್ಜನ ಗಡುವು ನನ್ನ ರಜೆಯ ಶುಕ್ರವಾರ. ಜೋಳ ಮಾರಿದ ದುಡ್ಡು ಗುರುವಾರ ಕೈಗೆ ಬರುವುದಿತ್ತು. ರಜೆಗೆ ಮೊದಲು ಬಂದು ಕೇಳಿದಾಗ ನಾನು ಹೇಳಿದ ಮಾತು: "ದುಡ್ಡು ತಗೊಂಡು ಬನ್ನಿ ಅಜ್ಜ, ನಾನು ನೋಡ್ತೇನೆ." ಶುಕ್ರವಾರ ನಾನೇ ಇರುವುದಿಲ್ಲ ಅಂತ ಆಮೇಲೆ ನೆನಪಾಯಿತು.

ಅಜ್ಜ ಕೌಂಟರಿಗೆ ಬಂದು "ಮೇಡಮ್ ಎಲ್ಲಿ?" ಅಂತ ಕೇಳುತ್ತಾರೆ. "ಮೇಡಮ್ ರಜೆ, ಸೋಮವಾರ ಬನ್ನಿ" ಅನ್ನುತ್ತಾರೆ. ಅಜ್ಜ ಬಸ್ಸು ಹತ್ತುತ್ತಾರೆ. ಈ ಸಿನಿಮಾ ನನ್ನ ತಲೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಓಡಿತು. ದೋಸೆ ಮಗುಚುವಾಗ ಓಡಿತು, ದನದ ಕುತ್ತಿಗೆಗೆ ಹಾರ ಹಾಕುವಾಗ ಓಡಿತು, ಅಮ್ಮ ಕಣ್ಣಿನ ಮಾತು ಹೇಳುವಾಗಲೂ ಓಡಿರಬೇಕು. ಬ್ರಾಂಚಿಗೆ ಫೋನ್ ಮಾಡಿದೆ. "ಹ್ಞಾಂ ಹ್ಞಾಂ, ನೋಡ್ತೇವೆ ಬಿಡಿ ಮೇಡಮ್, ಹಬ್ಬ ಮಾಡಿ" ಅಂದರು. ಯಾರು ನೋಡುವುದು? ಎಷ್ಟು ಹೊತ್ತಿಗೆ? ಅದು ಮಾತ್ರ ಇಲ್ಲೆ.

ಕಡೆಗೆ ಏನಾಯಿತು ಗೊತ್ತಾ? ಸಿನಿಮಾದಲ್ಲಿ ಇದ್ದ ಹಾಗೆಯೇ ಆಯಿತು. ಅಜ್ಜ ಶುಕ್ರವಾರ ಬಂದರು, "ಸೋಮವಾರ ಬನ್ನಿ" ಅನ್ನಿಸಿಕೊಂಡು ಹೋದರು. 6000 ರೂಪಾಯಿ ಹೋಯಿತು. ಅಂದ್ರೆ ನನ್ನ ತಲೆಗೆ ಹುಚ್ಚು ಹಿಡಿದದ್ದಲ್ಲ, ಅದು ಸರಿಯಾಗಿಯೇ ಕೂಗುತ್ತಿತ್ತು. ಬೆಂಕಿ ಬಿದ್ದ ಮನೆಯಲ್ಲಿ ನಾಯಿ ಕೂಗಿದರೆ ನಾಯಿಯ ಬಾಯಿ ಕಟ್ಟಿ ಅಂದ ಹಾಗಲ್ದಾ, "ಮನ್ಸ್ ಗಟ್ಟಿ ಮಾಡ್ಕೋ" ಅಂಬ್ದ್?

ಇನ್ನೊಂದು ಸಂಗತಿ ಕಾಣಿ. ನಮ್ಮಲ್ಲಿ ನಗದಿನ ತಿಜೋರಿಗೆ ಎರಡು ಕೀ. ಒಂದು ಕ್ಯಾಶಿಯರ್ ಹತ್ತಿರ, ಒಂದು ಆಫೀಸರ್ ಹತ್ತಿರ. ಎರಡೂ ಸೇರದೆ ತಿಜೋರಿ ತೆಗೆಯುವ ಹಾಗಿಲ್ಲ. ಆ ಎರಡನೆಯ ಕೀ ನನ್ನ ಹತ್ತಿರ ಇತ್ತು. ಅದರೊಳಗೆ ಲಕ್ಷಗಟ್ಟಲೆ ಹಣ. ಆದರೂ ಆ ಇಡೀ ವಾರದಲ್ಲಿ ತಿಜೋರಿಯ ಚಿಂತೆ ನಂಗೆ ಒಂದು ಗಳಿಗೆಯೂ ಬರಲಿಲ್ಲ! ಯಾಕೆ? ರಜೆಗೆ ಹೊರಡುವ ಮೊದಲು ನಗದು ಎಣಿಸಿ ತಾಳೆ ನೋಡಿದ್ದೆವು. ಕೀ ರಿಜಿಸ್ಟರಿನಲ್ಲಿ ತಾರೀಕು ಬರೆದು, ಗಂಟೆ ಬರೆದು, ಕೊಟ್ಟವಳು ಅಂತ ನಾನು ಸಹಿ ಹಾಕಿ, ತೆಗೆದುಕೊಂಡವರು ಅಂತ ಇನ್ನೊಬ್ಬರು ಸಹಿ ಹಾಕಿದ್ದರು. ಅಲ್ಲಿಗೆ ಅದು ನನ್ನ ತಲೆಯಿಂದ ಇಳಿಯಿತು. ತಲೆ ಒಂದೇ, ಮನಸ್ಸು ಒಂದೇ, ರಜೆಯೂ ಒಂದೇ. ಲಕ್ಷಗಟ್ಟಲೆ ಹಣವನ್ನು ಬಿಟ್ಟ ತಲೆ ಅಜ್ಜನ 6000 ರೂಪಾಯಿಯನ್ನು ಬಿಡಲಿಲ್ಲ. ವ್ಯತ್ಯಾಸ ಮನಸ್ಸಿನ ಗಟ್ಟಿತನದ್ದಲ್ಲ, ಸಹಿಯದ್ದು.

ಇದು ನಾನೊಬ್ಬಳೇ ಕಂಡದ್ದಲ್ಲ. ಬರ್ಲಿನ್ನಿನಲ್ಲಿ ಓದುತ್ತಿದ್ದ ಬ್ಲೂಮಾ ಜೈಗಾರ್ನಿಕ್ ಎಂಬ ಹೆಂಗಸು 1927ರಲ್ಲೇ ಬರೆದಿಟ್ಟಿದ್ದಾಳೆ, ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಅಂತ. ಆಮೇಲೆ ಮಾಡಿದವರಿಗೆ ಈ ನೆನಪಿನ ಲೆಕ್ಕ ಎಲ್ಲ ಕಡೆ ಹಾಗೆಯೇ ಬಂದದ್ದಿಲ್ಲ, ಅದನ್ನೂ ಹೇಳಬೇಕು. ನನಗೆ ಹೆಚ್ಚು ತಾಗಿದ್ದು 2011ರಲ್ಲಿ ಅಮೆರಿಕದ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬಿಬ್ಬರು ಕಂಡದ್ದು. ಮುಗಿಯದ ಕೆಲಸ ತಲೆಯಲ್ಲಿ ಇದ್ದವರಿಗೆ ಏನಾದರೂ ಓದಲು ಕೊಟ್ಟರೆ ನಡು ನಡುವೆ ಆ ಕೆಲಸವೇ ನುಗ್ಗುತ್ತಿತ್ತು. ಆದರೆ ಆ ಕೆಲಸವನ್ನು ಯಾವಾಗ, ಎಲ್ಲಿ, ಹೇಗೆ ಮಾಡುವುದು ಅಂತ ಮೊದಲೇ ಗಟ್ಟಿ ಮಾಡಿಕೊಂಡವರಿಗೆ ಆ ಕಾಟ ಇರಲಿಲ್ಲ. ಕೆಲಸ ಇನ್ನೂ ಮುಗಿದಿರಲಿಲ್ಲ, ಗಮನದಲ್ಲಿಡಿ. ದಾರಿ ಗೊತ್ತಾದದ್ದೇ ಸಾಕಾಯಿತು, ತಲೆ ಕೂಗುವುದನ್ನು ನಿಲ್ಲಿಸಿತು.

ನಮ್ಮ ಹಟ್ಟಿ ಕಂಡ್ರೆ ಇದಕ್ಕೆ ಅಮೆರಿಕವೂ ಬ್ಯಾಡ. ನಾಲ್ಕು ವರ್ಷದ ಹಿಂದೆ ಅಮ್ಮ ಎಂಟು ದಿನಕ್ಕೆ ನನ್ನ ಮನೆಗೆ ಘಟ್ಟ ಹತ್ತಿ ಬಂದಿದ್ದಳು. ಅದಕ್ಕಿಂತ ಹಿಂದೆ ಒಂದು ಸಲ ಬಂದಾಗ "ದನಿನ್ ಚಿಂತಿ ನಿಂಗೆ ಬ್ಯಾಡ, ನಾವೆಲ್ಲ ಇತ್ತ್" ಅಂತ ಮಾವ ಹೇಳಿ ಕಳಿಸಿದ್ದರು. ಅಮ್ಮ ಎರಡನೇ ದಿನಕ್ಕೇ ವಾಪಸ್ ಹೊರಟು ನಿಂತಿದ್ದಳು. "ಎಲ್ಲ ಇತ್ತ್ ಅಂದ್ರೆ ಯಾರೂ ಇಲ್ಲೆ ಅಂತ ಲೆಕ್ಕ" ಅಂದಿದ್ದಳು. ಈ ಸಲ ಹಾಗೆ ಮಾಡಲಿಲ್ಲ. ಮೇಲ್ಮನೆ ಅಕ್ಕನನ್ನು ಹಟ್ಟಿಗೆ ಕರೆದು, ಎರಡು ದಿನ ಅವರ ಕೈಯಲ್ಲೇ ಹಾಲು ಕರೆಸಿ, ದನಕ್ಕೆ ಅವರ ಕೈ ರೂಢಿ ಮಾಡಿಸಿದಳು. ಅಕ್ಕಚ್ಚು ಎಷ್ಟು ಹೊತ್ತಿಗೆ, ಹಿಂಡಿ ಎಷ್ಟು, ಹಾಲು ಯಾರ ಮನೆಗೆ ಎಷ್ಟು ಕುಡ್ತೆ, ದನ ಹುಲ್ಲು ಮುಟ್ಟದಿದ್ದರೆ ಯಾವ ಡಾಕ್ಟ್ರಿಗೆ ಫೋನ್, ಎಲ್ಲ ಹೇಳಿ, ಅಕ್ಕನ ಬಾಯಲ್ಲಿ ತಿರುಗಿ ಹೇಳಿಸಿದಳು. ಎಂಟು ದಿನ ನನ್ನ ಮನೆಯಲ್ಲಿ ಗೊರಕೆ ಹೊಡೆದು ಮಲಗಿದಳು. ಅಮ್ಮನ ಮನಸ್ಸು ಆ ನಡುವೆ ಗಟ್ಟಿ ಆದದ್ದಲ್ಲ. ಹಟ್ಟಿ ಕೈ ದಾಟಿತ್ತು, ಅಷ್ಟೇ.

ಈಗ ಸಿಟ್ಟಿನ ಮಾತು. ರಜೆಯಲ್ಲಿ ನೌಕರರನ್ನು ಕೆಲಸದಿಂದ ಪೂರಾ ಬಿಡಿಸುವುದು ಆಗುವ ಹೋಗುವ ಮಾತಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಿಸರ್ವ್ ಬ್ಯಾಂಕಿನದ್ದೇ ಒಂದು ನಿಯಮ ಇದೆ, 2021ರ ಜುಲೈಯಲ್ಲಿ ಹೊಸದಾಗಿ ಹೊರಡಿಸಿದ್ದು. ಬ್ಯಾಂಕಿನಲ್ಲಿ ಸೂಕ್ಷ್ಮ ಅಂತ ಗುರುತಿಸಿದ ಜಾಗದಲ್ಲಿ ಕೂತವರನ್ನು ವರ್ಷಕ್ಕೊಂದು ಸಲ, ಮೊದಲೇ ತಿಳಿಸದೆ, ಒಟ್ಟಿಗೆ ಕಡಿಮೆ ಅಂದರೆ 10 ಕೆಲಸದ ದಿನ ರಜೆಗೆ ಕಳಿಸಲೇಬೇಕು. ಆ ದಿನಗಳಲ್ಲಿ ಅವರ ಕೆಲಸಕ್ಕೆ ಸಂಬಂಧಿಸಿದ ಯಾವುದೂ, ಕಾಗದವಾಗಲಿ ಕಂಪ್ಯೂಟರಾಗಲಿ, ಅವರ ಕೈಗೆ ಸಿಗಬಾರದು. ಎಲ್ಲರಿಗೂ ಇರುವ ಆಫೀಸಿನ ಈಮೇಲ್ ಒಂದಕ್ಕೆ ಮಾತ್ರ ವಿನಾಯಿತಿ.

ಯಾಕೆ ಈ ನಿಯಮ? ನೌಕರರು ಚೆಂದ ನಿದ್ರೆ ಮಾಡಲಿ ಅಂತ ಅಲ್ಲ ಮಾರಾಯ್ರೆ. ಒಬ್ಬರು ಒಳಗೊಳಗೇ ಮೋಸ ಮಾಡುತ್ತಿದ್ದರೆ ಅದನ್ನು ಮುಚ್ಚಿಡಲು ದಿನಾ ಅವರ ಕೈಯೇ ಬೇಕು. ಹತ್ತು ದಿನ ಕೈ ತೆಗೆದು ಬೇರೆಯವರನ್ನು ಕೂರಿಸಿದರೆ ಹುಳುಕು ಹೊರಗೆ ಬರುತ್ತದೆ. ಅದಕ್ಕೆ ಆ ನಿಯಮ, ಮತ್ತು ಅದು ಒಳ್ಳೆಯ ನಿಯಮವೇ. ನನ್ನ ತಕರಾರು ಬೇರೆ. ಬ್ಯಾಂಕಿನ ದುಡ್ಡಿಗೆ ಅಪಾಯ ಅಂತಾದಾಗ ಒಬ್ಬರ ಕೆಲಸ ಇನ್ನೊಬ್ಬರು ಮಾಡುವ ಹಾಗೆ ವ್ಯವಸ್ಥೆ ಮಾಡುಕೆ ಬತ್ತ್. ಹತ್ತು ದಿನ, ಅದೂ ಹೇಳದೆ ಕೇಳದೆ! ಅದೇ ನಾನು ಒಂದು ತಿಂಗಳು ಮೊದಲು ಅರ್ಜಿ ಕೊಟ್ಟು ಒಂದು ವಾರ ಹೋದರೆ ನನ್ನ ಟೇಬಲ್ ಯಾರದು ಅಂತ ಬರೆಯುಕೆ ಬತ್ತಿಲ್ಲೆ. ರಜೆ ಮಂಜೂರು ಅಂತ ಒಂದು ಸಾಲು ಬಂತು. ಆ ಸಾಲಿನಲ್ಲಿ ಇನ್ನೊಬ್ಬರ ಹೆಸರು ಇರಲಿಲ್ಲ. ಹೆಸರಿಲ್ಲದ ರಜೆ ರಜೆಯಲ್ಲ, ದೂರದಲ್ಲಿ ಕೂತು ಮಾಡುವ ಸಂಬಳದ ಕಾವಲು ಅದು.

ಈ ವರ್ಷ ಅಮ್ಮನ ಕಣ್ಣಿಗೆ ಅಂತ ಏಳು ದಿನ ರಜೆ ಹಾಕಿದೆ. ಹೋದ ಸಲದ ಹಾಗೆ ಆಗುವುದು ಬೇಡ ಅಂತ ಹೊರಡುವ ಮೊದಲ ದಿನ ಎರಡು ಗಂಟೆ ಕೂತು ಒಂದು ಹಾಳೆ ಬರೆದೆ. ಒಂದೊಂದು ಕೆಲಸಕ್ಕೆ ನಾಲ್ಕು ಸಂಗತಿ: ಕೆಲಸ ಯಾವುದು, ಯಾವ ದಿನಕ್ಕೆ ಬರುತ್ತದೆ, ಬಂದಾಗ ಮಾಡುವುದು ಎಂತ, ಮಾಡುವವರು ಯಾರು. ಹನ್ನೊಂದು ಸಾಲಾಯಿತು. ಒಂದು ಸಾಲು ಹೀಗಿತ್ತು: ಇಂಥವರ ಬೆಳೆಸಾಲ, ಗಡುವು ಬುಧವಾರ, ಬಂದರೆ ಅಸಲು ಬಡ್ಡಿ ಕಟ್ಟಿಸಿಕೊಂಡು ರಸೀದಿ ಕೊಡುವುದು, ಮಧ್ಯಾಹ್ನ ಹನ್ನೆರಡರ ತನಕ ಬಾರದಿದ್ದರೆ ಫೋನ್ ಮಾಡುವುದು, ಮಾಡುವವರು ಪಕ್ಕದ ಟೇಬಲಿನವರು. ನಾನೇ ಬೇಕು ಅನ್ನುವ ಮೂರು ಕೆಲಸಕ್ಕೆ "ಸೋಮವಾರದ ತನಕ ಕಾಯಬಹುದು, ಗಿರಾಕಿಗೆ ತಿಳಿಸಿ ಆಗಿದೆ" ಅಂತ ಬರೆದು, ನಿಜವಾಗಿಯೂ ಮೂವರಿಗೂ ಫೋನ್ ಮಾಡಿ ತಿಳಿಸಿದೆ. ಆಮೇಲೆ ಪಕ್ಕದ ಟೇಬಲಿನವರನ್ನು ಕೂರಿಸಿ ಒಂದೊಂದೇ ಸಾಲು ಓದಿಸಿದೆ. ಮ್ಯಾನೇಜರ್ ನಕ್ಕರು, "ಇದೆಂತ ಮೇಡಮ್, ಟ್ರಾನ್ಸ್‌ಫರ್ ಆದವ್ರ ಹಾಗೆ ಚಾರ್ಜ್ ಕೊಡ್ತಿದ್ದೀರಿ?" ಅಂತ. ನಗಲಿ. ಕೆಳಗೆ ಅವರ ಸಹಿಯನ್ನೂ ಹಾಕಿಸಿಕೊಂಡೆ.

ಎರಡು ಕಡೆ ಎಡವಿದೆ, ಅದನ್ನೂ ಕೇಳಿ. ಮೊದಲು ಬರೆಯುವಾಗ ಮಾಡುವವರ ಜಾಗದಲ್ಲಿ ನಾಲ್ಕು ಸಾಲಿಗೆ "ಬ್ರಾಂಚ್" ಅಂತ ಬರೆದಿದ್ದೆ. ರಾತ್ರಿ ಮಲಗಿದಾಗ ಸರಿಯಾಗಿ ಆ ನಾಲ್ಕೇ ತಲೆಗೆ ಬಂದವು! ಬೆಳಿಗ್ಗೆ ಹೋಗಿ ಆ ನಾಲ್ಕಕ್ಕೂ ಮನುಷ್ಯರ ಹೆಸರು ಹಾಕಿಸಿದ ಮೇಲೆ ಬಸ್ಸು ಹತ್ತಿದೆ. ಹಾಳೆ ಸರಿ ಇದೆಯೋ ಇಲ್ಲವೋ ಅಂತ ಹೇಳುವುದು ಆ ರಾತ್ರಿಯೇ. ಯಾವುದು ತಲೆಗೆ ಬರುತ್ತದೋ ಆ ಸಾಲು ಇನ್ನೂ ಅರ್ಧ ಬರೆದದ್ದು ಅಂತ ಲೆಕ್ಕ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಮಂದಿಯನ್ನು ಮಲಗಿಸಿ ನೋಡಿದ್ದೂ ಇದನ್ನೇ. ಮಲಗುವ ಮೊದಲು ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸ ಬರೆದವರು, ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮೊದಲು ನಿದ್ರೆಗೆ ಜಾರಿದರು. ಬಿಡಿಸಿ ಬಿಡಿಸಿ ಬರೆದವರಿಗೆ ನಿದ್ರೆ ಇನ್ನೂ ಬೇಗ ಬಂತು.

ಎರಡನೆಯದು, ಹನ್ನೊಂದು ಸಾಲಿನಲ್ಲೂ ಕೂರದ ಒಂದು ಚಿಂತೆ ಇತ್ತು. ಅದರ ಹಿಂದಿನ ತಿಂಗಳು ಮೀಟಿಂಗಿನಲ್ಲಿ ಮೇಲಿನವರೊಬ್ಬರು ಎಲ್ಲರ ಎದುರು ನನಗೆ ಆಡಿದ ಮಾತು. ಅದು ಬಾರ್ಕೂರಿಗೂ ಬಂತು, ಎರಡು ರಾತ್ರಿ ಕಾಡಿತು. ಅದಕ್ಕೆ ಯಾವ ದಿನ, ಯಾರು, ಎಂತ ಮಾಡುವುದು ಅಂತ ಬರೆಯಲು ಹೋದರೆ ಪೆನ್ನು ಓಡಲಿಲ್ಲ. ಅಲ್ಲಿಗೆ ಗೊತ್ತಾಯಿತು, ಅದು ಕೆಲಸ ಅಲ್ಲ, ಗಾಯ. ಗಾಯಕ್ಕೆ ಹಾಳೆ ಮದ್ದಲ್ಲ. ಅದನ್ನು ಅತ್ಗೆ ಹತ್ತಿರ ಬಾವಿಕಟ್ಟೆಯಲ್ಲಿ ಕೂತು ಹೇಳಿಕೊಂಡೆ, ಅರ್ಧ ಇಳಿಯಿತು. ಯಾರಿಗಾದರೂ ಇಂಥದ್ದು ವಾರಗಟ್ಟಲೆ ನಿದ್ರೆ ಕೆಡಿಸಿದರೆ ಡಾಕ್ಟ್ರ ಹತ್ತಿರ ಹೇಳುವುದೇ ಸರಿ. ಸರಕಾರದ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೂ ಮಾತಾಡುತ್ತಾರೆ, ಖರ್ಚಿಲ್ಲ.

"ಹಾಂಗಾರೆ ರಜಿಗೆ ಬಪ್ಪುಕೂ ಎರಡ್ ಗಂಟೆ ಹೆಚ್ಚ್ ಕೆಲ್ಸ ಮಾಡ್ಕಾ?" ಅಂತ ದೊಡ್ಡಮ್ಮ ಕೇಳಿದ್ದು ನ್ಯಾಯವೇ. ಆ ಎರಡು ಗಂಟೆ ಬ್ಯಾಂಕಿನದ್ದಾಗಬೇಕು, ನನ್ನದಲ್ಲ. ಕೀ ರಿಜಿಸ್ಟರ್ ಬರೆಯುವುದನ್ನು ಯಾರೂ ನನ್ನ ಸ್ವಂತ ಚಟ ಅನ್ನುವುದಿಲ್ಲ, ಅದು ಬ್ಯಾಂಕಿನ ಕೆಲಸ. ಟೇಬಲ್ ಒಪ್ಪಿಸುವುದೂ ಹಾಗೆಯೇ ಆಗಬೇಕು. ಪಕ್ಕದ ಟೇಬಲಿನವರಿಗೂ ನನ್ನ ಹನ್ನೊಂದು ಸಾಲು ಅಂದರೆ ಭಾರವೇ. ಆ ವಾರ ಅವರ ಬೇರೆ ಕೆಲಸ ಕಡಿಮೆ ಮಾಡಿಕೊಡುವುದು ಮ್ಯಾನೇಜರ್ ಕೆಲಸ. ಜನ ಕಡಿಮೆ ಅಂತಾದರೆ ಅದನ್ನು ಮೇಲೆ ಬರೆದು ಹೇಳಬೇಕೇ ಹೊರತು ನನ್ನ ತಲೆಯನ್ನು ಕಾವಲಿಗೆ ಕೂರಿಸುವುದಲ್ಲ.

ಅದಕ್ಕೆ ಇನ್ನು ಮೇಲೆ ಮಗಳೋ ಸೊಸೆಯೋ ರಜೆಗೆ ಬಂದು ಜಗಲಿಯಲ್ಲಿ ಎಲ್ಲೋ ಕಾಂತಾ ಕೂತ್ರೆ, "ಆಫೀಸ್ ಆಫೀಸಲ್ಲೇ ಬಿಟ್ ಬಾ" ಅಂಬ್ದ್ ಬ್ಯಾಡ. "ನಿನ್ ಕೆಲ್ಸ ಯಾರಿಗ್ ಒಪ್ಸಿ ಬಂದಿ?" ಅಂತ ಕೇಣಿ. ಅವಳ ಬಾಯಲ್ಲಿ ಒಂದು ಹೆಸರು ಬರದಿದ್ದರೆ ತಪ್ಪು ಅವಳ ಮನಸ್ಸಿನದ್ದಲ್ಲ ಅಂತ ತಿಳ್ಕಣಿ.

ಅಮ್ಮನ ಕಣ್ಣು ಚೆಂದ ಆಯಿತು. ಒಂದು ಮದ್ದು ದಿನಕ್ಕೆ ಆರು ಸಲ, ವಾರ ಕಳೆದ ಹಾಗೆ ಒಂದೊಂದು ಸಲ ಕಡಿಮೆ, ಇನ್ನೊಂದು ಮದ್ದು ಬೇರೆ ಲೆಕ್ಕ. ಡಾಕ್ಟ್ರು ಇದನ್ನು "ನೆನ್ಪ್ ಇಟ್ಕಣಿ" ಅಂತ ಹೇಳಿ ಕಳಿಸಲಿಲ್ಲ. ಗಂಟೆ ಹಾಕಿ ಚೀಟಿ ಬರೆದು ಕೊಟ್ಟರು. ನಾನಿರುವಷ್ಟು ದಿನ ನಾನು ಬಿಟ್ಟೆ, ಪ್ರತಿ ಸಲ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ. ಹೊರಡುವ ದಿನ ಚೀಟಿ, ಮದ್ದು, ಪೆನ್ನು ಮೂರನ್ನೂ ಅತ್ಗೆ ಕೈಗೆ ಕೊಟ್ಟೆ. ಅವಳು ಚೀಟಿ ಓದಿ ಹೇಳಿದಳು, ನಾನು ಕೇಳಿದೆ. ಬಸ್ಸಿನಲ್ಲಿ ಘಟ್ಟ ಹತ್ತುವ ಮೊದಲೇ ನಿದ್ರೆ ಬಂತು ಕಾಣಿ.